ತತ್ತಿ ಚಿಪ್ಪು ತೆಳ್ಳಗಾದರೆ ಎಲ್ಲಿಂದ ಹುಡುಕಬೇಕು

ಹೋದ ಏಪ್ರಿಲ್‌ನಲ್ಲಿ ಒಂದು ಬೆಳಿಗ್ಗೆ ಅವ್ವ ಗೂಡಿನಿಂದ ತತ್ತಿ ಆರಿಸಿ ತಂದವಳು ಬಾಗಿಲಲ್ಲೇ ನಿಂತಳು. "ತಮ್ಮಾ, ಈ ತತ್ತಿ ಹಿಡದ್ರ ಒಳಗ ಹೋಗತೈತಿ ನೋಡು" ಅಂದಳು. ಹೆಬ್ಬೆರಳು ಇಟ್ಟರೆ ಸಾಕು, ಚಿಪ್ಪು ಕುಸಿಯುತ್ತಿತ್ತು. ಬುಟ್ಟಿಯಲ್ಲಿ ಅಂಥವು ಇನ್ನೂ ಮೂರಿದ್ದವು. ಒಂದು ಆಗಲೇ ಒಡೆದು ಉಳಿದವಕ್ಕೆಲ್ಲ ಅಂಟಿಕೊಂಡಿತ್ತು.

ಗಂಗಾವತಿ ಹತ್ತಿರದ ನಮ್ಮ ಹೊಲದಲ್ಲಿ ಆಗ 40 ಕೋಳಿ ಇದ್ದವು. ಎಲ್ಲ ಕಂದು ತತ್ತಿ ಇಡುವವು. ನಾನು ಮೊದಲು ಮಾಡಿದ್ದು ತಪ್ಪು ಕೆಲಸ. ಔಷಧಿ ಅಂಗಡಿಗೆ ಓಡಿ, ಕ್ಯಾಲ್ಸಿಯಂ ಬಾಟಲಿ ತಂದು ನೀರಿಗೆ ಹಾಕಿದೆ. ಹತ್ತು ದಿನ ಕಳೆದರೂ ಏನೂ ಬದಲಾಗಲಿಲ್ಲ. ಆಮೇಲೆ ಒಂದೊಂದೇ ನೋಡುತ್ತಾ ಹೋದಾಗ ಕಾರಣ ಸಿಕ್ಕಿತು, ಅದೂ ಒಂದಲ್ಲ, ಮೂರು. ಯಾವುದನ್ನು ಮೊದಲು ನೋಡಬೇಕಿತ್ತೋ ಆ ಕ್ರಮದಲ್ಲೇ ಇಲ್ಲಿ ಬರೆದಿದ್ದೇನೆ.

ಮೊದಲು ಇಷ್ಟು ಗೊತ್ತಿರಲಿ

ಕೋಳಿ ಒಂದು ತತ್ತಿ ತಯಾರು ಮಾಡಲು 24ರಿಂದ 26 ತಾಸು ತೆಗೆದುಕೊಳ್ಳುತ್ತದೆ. ಅರಿಶಿನ ಭಾಗದ ಸುತ್ತ ಬಿಳಿ ಕೂಡಲು ಮೂರು ತಾಸು, ಅದರ ಮೇಲೆ ಎರಡು ತೆಳು ಪೊರೆ ಸುತ್ತಲು ಒಂದು ತಾಸು ಚಿಲ್ಲರೆ. ಉಳಿದ 18ರಿಂದ 20 ತಾಸು ಪೂರ್ತಿ ಚಿಪ್ಪಿನದೇ ಕೆಲಸ. ಬೆಳಿಗ್ಗೆ ಇಡುವ ತತ್ತಿಯ ಚಿಪ್ಪು ಹೆಚ್ಚಾಗಿ ಕಟ್ಟಿಕೊಂಡಿರುವುದು ಹಿಂದಿನ ರಾತ್ರಿ, ಕೋಳಿ ಮಲಗಿರುವಾಗ. ಈ ಒಂದು ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಚಿಪ್ಪು ಅಂದರೆ ಬಹುತೇಕ ಸುಣ್ಣದ ಕಲ್ಲೇ. ಪೊರೆಯ ಮೇಲೆ ಸಣ್ಣ ಸಣ್ಣ ಗಂಟುಗಳಂತೆ ಸುಣ್ಣ ಕೂರುತ್ತದೆ. ಆ ಗಂಟುಗಳ ಮೇಲೆ ಕಂಬ ಎಬ್ಬಿಸಿದ ಹಾಗೆ ಬೆಳೆದು ಒಂದಕ್ಕೊಂದು ಒತ್ತಿಕೊಳ್ಳುತ್ತದೆ. ಕಂಬಗಳು ಸರಿಯಾಗಿ ಕೂಡದ ಕಡೆ ಸಂದು ಉಳಿಯುತ್ತದೆ. ಅದೇ ರಂಧ್ರ. ಒಂದು ತತ್ತಿಗೆ ಏಳೆಂಟು ಸಾವಿರದಿಂದ ಹದಿನೇಳು ಸಾವಿರದವರೆಗೆ ಇಂಥ ರಂಧ್ರ ಇರುತ್ತವೆ, ದಪ್ಪ ತುದಿಯಲ್ಲಿ ಜಾಸ್ತಿ. ಕೊನೆಗೆ ಇಡೀ ಚಿಪ್ಪಿನ ಮೇಲೆ ಒಂದು ತೆಳು ಲೇಪ ಬಂದು ರಂಧ್ರಗಳ ಬಾಯಿ ಮುಚ್ಚುತ್ತದೆ. ಇಷ್ಟೆಲ್ಲ ಸೇರಿ ಚಿಪ್ಪಿನ ದಪ್ಪ ಮಿಲಿಮೀಟರಿನ ಮೂರರಲ್ಲಿ ಒಂದು ಪಾಲು, ತೂಕ ಐದಾರು ಗ್ರಾಂ. ಅದರಲ್ಲಿ ಕ್ಯಾಲ್ಸಿಯಂ ಎರಡು ಗ್ರಾಂಗಿಂತ ಸ್ವಲ್ಪ ಜಾಸ್ತಿ.

ಒಂದೆರಡು ತತ್ತಿ ಮಾತ್ರ ಮೆತ್ತಗಿವೆ

ದಿನಕ್ಕೆ 30 ತತ್ತಿ ಬರುವಲ್ಲಿ ಒಂದು ತೊಗಲಿನ ಹಾಗೆ ಮೆತ್ತಗಿದ್ದರೆ ಗಾಬರಿ ಬೇಡ. ಹೊಸದಾಗಿ ತತ್ತಿಗೆ ಬಂದ ಹೆಂಟೆಗಳು ಮೊದಲ ಎರಡು ಮೂರು ವಾರ ಹೀಗೆ ಮಾಡುತ್ತವೆ. ಪೊರೆ ಸುತ್ತಿಕೊಂಡು, ಚಿಪ್ಪು ಕಟ್ಟುವ ಮೊದಲೇ ಹೊರಗೆ ಬಿದ್ದ ತತ್ತಿ ಅದು. ರಾತ್ರಿ ನಾಯಿ ನುಗ್ಗಿ ಹೆದರಿಸಿದರೂ ಬೆಳಿಗ್ಗೆ ಕೋಳಿ ಕೂರುವ ಕಟ್ಟಿಗೆಯ ಕೆಳಗೆ ಇಂಥದ್ದು ಬಿದ್ದಿರುತ್ತದೆ.

ತತ್ತಿಯ ನಡುವಿಗೆ ಉಂಗುರ ತೊಡಿಸಿದ ಹಾಗೆ ಗೆರೆ ಎದ್ದಿದ್ದರೂ ಕಾರಣ ಇಂಥದ್ದೇ. ಚಿಪ್ಪು ಇನ್ನೂ ಎಳೆಯದಿರುವಾಗ ಕೋಳಿ ಬೆದರಿ ಹಾರಿ ಬಿದ್ದರೆ ಒಳಗೇ ಬಿರುಕು ಬಿಡುತ್ತದೆ. ಆಮೇಲೆ ಅದೇ ಬಿರುಕಿನ ಮೇಲೆ ಸುಣ್ಣ ಕೂತು ತೇಪೆಯಾಗುತ್ತದೆ. ಊರಲ್ಲಿ ಮದುವೆ ಡಿಜೆ ಇದ್ದ ಮರುದಿನ ನಾನೇ ಇಂಥವು ನಾಲ್ಕು ಎತ್ತಿದ್ದೇನೆ. ಖರ್ಚಿಲ್ಲದ ಪರಿಹಾರ ಅಂದರೆ ಸಂಜೆ ಮೇಲೆ ಗೂಡಿನ ಹತ್ತಿರ ಗಲಾಟೆ ಆಗದಂತೆ ನೋಡಿಕೊಳ್ಳುವುದು. ಎರಡು ಮೂರು ದಿನದಲ್ಲಿ ತಾನೇ ಸರಿಹೋಗುತ್ತದೆ.

ಕೋಳಿಗೆ ಒಂದೂವರೆ ವರ್ಷ ದಾಟಿದ್ದರೆ ಲೆಕ್ಕ ಬೇರೆ. ವಯಸ್ಸಾದಂತೆ ತತ್ತಿ ದೊಡ್ಡದಾಗುತ್ತದೆ, ಆದರೆ ಕೋಳಿ ಹಾಕುವ ಸುಣ್ಣ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ. ಅಷ್ಟೇ ಹಿಟ್ಟಿನಲ್ಲಿ ರೊಟ್ಟಿ ದೊಡ್ಡದು ಬಡಿದರೆ ತೆಳ್ಳಗಾಗುತ್ತೆ ಅಲ್ವಾ, ಹಾಗೆ. ಇದನ್ನು ಪೂರ್ತಿ ಸರಿಮಾಡಲು ಬರುವುದಿಲ್ಲ.

ದಿನದಿಂದ ದಿನಕ್ಕೆ ತೆಳು ತತ್ತಿ ಜಾಸ್ತಿ ಆಗುತ್ತಿವೆ

ನಮ್ಮಲ್ಲಿ ಆಗಿದ್ದು ಇದು. ಮೊದಲು ಎಷ್ಟು ತತ್ತಿ ತೆಳ್ಳಗಿವೆ ಅಂತ ಅಳೆಯಬೇಕು. ಕೈಯಂದಾಜು ಮೋಸ ಮಾಡುತ್ತದೆ.

ಒಂದು ಲೀಟರ್ ನೀರಿಗೆ 120 ಗ್ರಾಂ ಉಪ್ಪು ಹಾಕಿ ಪೂರ್ತಿ ಕರಗಿಸಿ. ತತ್ತಿ ಮುಳುಗುವಷ್ಟು ಬೇಕಾದ್ದರಿಂದ ನಾನು ಬಕೆಟ್‌ನಲ್ಲಿ ಮೂರು ಲೀಟರ್ ಮಾಡಿಕೊಳ್ಳುತ್ತೇನೆ. ಅದೇ ದಿನ ಇಟ್ಟ ಹತ್ತು ತತ್ತಿ ತೆಗೆದುಕೊಳ್ಳಿ. ಹಳೆಯವು ಬೇಡ, ಅವುಗಳೊಳಗೆ ಗಾಳಿ ಸೇರಿ ಸುಮ್ನೆ ತೇಲುತ್ತವೆ. ನೀರು, ತತ್ತಿ ಎರಡೂ ನೆರಳಲ್ಲಿ ಒಂದೇ ಬಿಸಿಗೆ ಬಂದಿರಲಿ. ಒಂದೊಂದಾಗಿ ಮೆಲ್ಲಗೆ ಬಿಡಿ. ಚಿಪ್ಪು ದಪ್ಪ ಇರುವುದು ಮುಳುಗುತ್ತದೆ, ತೆಳು ಇರುವುದು ಮೇಲೆ ಬರುತ್ತದೆ. ತತ್ತಿಯಲ್ಲಿ ಎಲ್ಲಕ್ಕಿಂತ ಭಾರದ ಭಾಗ ಚಿಪ್ಪೇ ಆದ್ದರಿಂದ ಈ ಪರೀಕ್ಷೆ ನಡೆಯುತ್ತದೆ. ಉಪ್ಪುನೀರಿಗೆ ಹಾಕಿದ ತತ್ತಿಯನ್ನು ಮಾರಬೇಡಿ, ಮರಿಗೆ ಕೂರಿಸಬೇಡಿ. ಅವತ್ತೇ ಮನೆಯಲ್ಲಿ ಬೇಯಿಸಿ ತಿನ್ನಿ.

ನಮ್ಮ ಹತ್ತರಲ್ಲಿ ಏಳು ತೇಲಿದವು.

ಎರಡನೆಯದು ಆಹಾರದ ಲೆಕ್ಕ. ಇದಕ್ಕೆ ಪೆನ್ನು ಕಾಗದ ಸಾಕು. ತತ್ತಿ ಕೋಳಿಗಳಿಗೆ ಅಂತ ಚೀಲದಲ್ಲಿ ಬರುವ ಲೇಯರ್ ಆಹಾರದಲ್ಲಿ ಕ್ಯಾಲ್ಸಿಯಂ ಸಾಮಾನ್ಯವಾಗಿ ನೂರಕ್ಕೆ ಮೂರೂವರೆಯಿಂದ ನಾಲ್ಕು ಪಾಲು ಇರುತ್ತದೆ. ಕೋಳಿ ದಿನಕ್ಕೆ ಸುಮಾರು 110 ಗ್ರಾಂ ತಿಂದರೆ ನಾಲ್ಕು ಗ್ರಾಂ ಕ್ಯಾಲ್ಸಿಯಂ ಹೊಟ್ಟೆಗೆ ಹೋಯಿತು. ತಿಂದದ್ದರಲ್ಲಿ ಮೈಗೆ ಹತ್ತುವುದು ಸುಮಾರು ಅರ್ಧ, ಅಂದರೆ ಎರಡು ಗ್ರಾಂ. ಚಿಪ್ಪಿಗೆ ಬೇಕಾದದ್ದೂ ಅಷ್ಟೇ. ಅಲ್ಲಿಗೆ ಕೈಗೂ ಬಾಯಿಗೂ ಸರಿ, ಉಳಿಕೆ ಏನೂ ಇಲ್ಲ.

ಮಾರ್ಚ್‌ನಲ್ಲಿ ಚೀಲದ ಬೆಲೆ ಏರಿತು ಅಂತ ನಮ್ಮಣ್ಣ ಅರ್ಧ ಲೇಯರ್ ಆಹಾರಕ್ಕೆ ಅರ್ಧ ನುಚ್ಚು, ತೌಡು ಬೆರೆಸಲು ಶುರು ಮಾಡಿದ್ದ. ಗಂಗಾವತಿ ಸುತ್ತ ಅಕ್ಕಿ ಮಿಲ್ಲುಗಳಿಗೇನು ಬರ, ಎರಡೂ ಅಗ್ಗ. ಆದರೆ ನುಚ್ಚು, ತೌಡುಗಳಲ್ಲಿ ಕ್ಯಾಲ್ಸಿಯಂ ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ಸಾಲದ್ದಕ್ಕೆ ತೌಡಿನಲ್ಲಿ ರಂಜಕ ಜಾಸ್ತಿ, ಇರುವ ಕ್ಯಾಲ್ಸಿಯಂ ಮೈಗೆ ಹತ್ತಲೂ ಅದು ಅಡ್ಡ ಬರುತ್ತದೆ. ಹೀಗಾಗಿ ನಾಲ್ಕು ಗ್ರಾಂ ಇದ್ದದ್ದು ಎರಡಕ್ಕೆ ಇಳಿಯಿತು, ಮೈಗೆ ಹತ್ತಿದ್ದು ಒಂದು ಗ್ರಾಂ ಮಾತ್ರ.

"ಬೆರೆಸಿ ಹದಿನೈದು ದಿನ ತತ್ತಿ ಚೊಲೋನ ಇದ್ವಲ್ಲೋ, ಅದಲ್ಲ ಕಾರಣ" ಅಂತ ಅಣ್ಣ ವಾದ ಮಾಡಿದ. ಮಾತು ನಿಜ, ತೀರ್ಮಾನ ತಪ್ಪು. ತತ್ತಿಗೆ ಬರುವ ಎರಡು ವಾರ ಮುಂಚೆಯೇ ಹೆಂಟೆಯ ಕಾಲಿನ ಎಲುಬುಗಳ ಒಳಗೆ ಒಂದು ಬಗೆಯ ಎಳೆ ಎಲುಬು ಬೆಳೆದು ತುಂಬಿಕೊಳ್ಳುತ್ತದೆ. ಅದು ಕ್ಯಾಲ್ಸಿಯಂನ ಹಗೇವು. ರಾತ್ರಿ ಹೊಟ್ಟೆ ಖಾಲಿಯಾದಾಗ ಕೋಳಿ ಅಲ್ಲಿಂದ ತೆಗೆದು ಚಿಪ್ಪಿಗೆ ಹಾಕುತ್ತದೆ, ಹಗಲು ತಿಂದು ಮತ್ತೆ ತುಂಬುತ್ತದೆ. ತಿನ್ನುವುದು ಕಮ್ಮಿಯಾದರೆ ಹಗೇವು ಬರಿದಾಗುವವರೆಗೆ ತತ್ತಿ ಚೆನ್ನಾಗಿಯೇ ಬರುತ್ತದೆ. ಆದ್ದರಿಂದ ಚಿಪ್ಪು ತೆಳ್ಳಗಾಯಿತು ಅಂದಾಗ ನಿನ್ನೆ ಏನು ಹಾಕಿದೆ ಅಂತ ಅಲ್ಲ, ಎರಡು ಮೂರು ವಾರದ ಹಿಂದೆ ಏನು ಬದಲಾಯಿಸಿದೆ ಅಂತ ನೆನಪಿಸಿಕೊಳ್ಳಿ.

ಕಲ್ಲುಪುಡಿ ಹಾಕುತ್ತಿದ್ದೇವಲ್ಲ, ಆದರೂ ಯಾಕೆ?

ನಾವೂ ಹಾಕುತ್ತಿದ್ದೆವು. ತೊಟ್ಟಿಯ ಪಕ್ಕದಲ್ಲೇ ಒಂದು ಬುಟ್ಟಿ ತುಂಬ ಕಲ್ಲುಪುಡಿ. ಒಂದು ದಿನ ಚಿಟಿಕೆ ತೆಗೆದು ತಟ್ಟೆಗೆ ಹಾಕಿ ಮೇಲೆ ಅರ್ಧ ನಿಂಬೆಹಣ್ಣು ಹಿಂಡಿದೆ. ಕಣ್ಣು ಹತ್ತಿರ ಇಟ್ಟು ಎರಡು ನಿಮಿಷ ನೋಡಿದೆ. ಒಂದು ಗುಳ್ಳೆಯೂ ಏಳಲಿಲ್ಲ. ಪಕ್ಕದಲ್ಲಿ ಒಡೆದ ತತ್ತಿ ಚಿಪ್ಪಿನ ಚೂರು ಇಟ್ಟು ಅದರ ಮೇಲೂ ಹಿಂಡಿದೆ. ಚೂರಿನ ಅಂಚಿನಿಂದ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಸಾಲಾಗಿ ಎದ್ದವು.

ನಮ್ಮ ಬುಟ್ಟಿಯಲ್ಲಿದ್ದದ್ದು ಕ್ರಷರ್‌ನಿಂದ ತಂದ ಗ್ರಾನೈಟ್ ಪುಡಿ. ಕೋಳಿಯ ಹೊಟ್ಟೆಯಲ್ಲಿ ಕಾಳು ಅರೆಯಲು ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ, ಚಿಪ್ಪಿಗೆ ಮಾತ್ರ ಒಂದು ಕಣವೂ ಸಲ್ಲುವುದಿಲ್ಲ. ಬೇಕಾದದ್ದು ಸುಣ್ಣದ ಕಲ್ಲಿನ ಚೂರು ಅಥವಾ ಕಪ್ಪೆಚಿಪ್ಪಿನ ಚೂರು. ನೆಲಕ್ಕೆ ಹಾಕುವ ಶಹಾಬಾದಿ ಪರಸಿ ಸುಣ್ಣದ ಕಲ್ಲೇ, ನಿಂಬೆರಸಕ್ಕೆ ಅದು ಗುಳ್ಳೆ ಬಿಡುತ್ತದೆ. ಆದರೆ ಪಾಲಿಶ್ ಮಾಡಿದ ಅಂಗಡಿಯ ತುಣುಕು ಕುಟ್ಟಿ ಹಾಕಬೇಡಿ. ಕೋಳಿಗೆ ಅಂತಲೇ ಮಾರುವುದನ್ನು ಕೇಳಿ ತನ್ನಿ, ತಂದ ಮೇಲೆ ನಿಂಬೆರಸ ಹಿಂಡಿ ನೋಡಿ.

ಚೂರಿನ ಗಾತ್ರವೂ ಮುಖ್ಯ. ಹಿಟ್ಟಿನಂಥ ಪುಡಿ ಬೇಗ ಕರಗಿ ಸಂಜೆಯೊಳಗೆ ಮುಗಿದುಹೋಗುತ್ತದೆ. 2ರಿಂದ 4 ಮಿಲಿಮೀಟರ್ ಚೂರಾದರೆ ಹೊಟ್ಟೆಯಲ್ಲಿ ನಿಂತು ರಾತ್ರಿಯಿಡೀ ಸ್ವಲ್ಪ ಸ್ವಲ್ಪವೇ ಕರಗುತ್ತದೆ. ಚಿಪ್ಪು ಕಟ್ಟುವುದು ರಾತ್ರಿ ಅಂತ ಮೊದಲೇ ಹೇಳಿದೆನಲ್ಲ, ಅದಕ್ಕೇ ಇದನ್ನು ಸಂಜೆ ನಾಲ್ಕರ ಸುಮಾರಿಗೆ ಇಡಬೇಕು. ಆಹಾರಕ್ಕೆ ಬೆರೆಸದೆ ಬೇರೆ ಪಾತ್ರೆಯಲ್ಲಿಡಿ. ಬೇಕಾದ ಕೋಳಿ ಬೇಕಾದಷ್ಟು ತಿನ್ನುತ್ತದೆ.

ಸುಣ್ಣದ ಕಲ್ಲಿನಲ್ಲಿ ನೂರಕ್ಕೆ 36ರಿಂದ 38 ಪಾಲು ಕ್ಯಾಲ್ಸಿಯಂ. ನಮ್ಮಲ್ಲಿ ಕೋಳಿಗೆ ಎರಡು ಗ್ರಾಂ ಕೊರತೆ ಇದ್ದದ್ದರಿಂದ ದಿನಕ್ಕೆ ಐದೂವರೆ ಗ್ರಾಂ ಚೂರು, 40 ಕೋಳಿಗೆ ಕಾಲು ಕಿಲೋ ಹತ್ತಿರ. ಅಷ್ಟೇ ಇಟ್ಟೆವು. ಮೊದಲ ಸಂಜೆ ಪಾತ್ರೆ ಅರ್ಧ ತಾಸಿನಲ್ಲಿ ಖಾಲಿ. ಅವು ಒಂದರ ಮೇಲೊಂದು ಬಿದ್ದು ತಿಂದ ರೀತಿ ನೋಡಿ ನನಗೇ ನಾಚಿಕೆಯಾಯಿತು.

ಇಲ್ಲಿ ಎರಡು ಎಚ್ಚರಿಕೆ. ಎಲೆ ಅಡಿಕೆಗೆ ಇಡುವ ಸುಣ್ಣ, ಗೋಡೆಗೆ ಬಳಿಯುವ ಸುಣ್ಣ ಯಾವತ್ತೂ ಹಾಕಬೇಡಿ. ಅದು ಬಾಯಿ, ಕರುಳು ಸುಡುತ್ತದೆ. ಇನ್ನೊಂದು, ಇನ್ನೂ ತತ್ತಿಗೆ ಬರದ ಮರಿಗಳಿಗೆ ಲೇಯರ್ ಆಹಾರ ಹಾಕಬಾರದು. ಅಷ್ಟು ಕ್ಯಾಲ್ಸಿಯಂ ತಡೆಯದೆ ಅವುಗಳ ಮೂತ್ರಪಿಂಡ ಹಾಳಾಗುತ್ತದೆ. ಮನೆಯ ತತ್ತಿ ಚಿಪ್ಪನ್ನೇ ಹಾಕುವುದಾದರೆ ಹಂಚಿನ ಮೇಲೆ ಚೆನ್ನಾಗಿ ಹುರಿದು, ಗುರುತು ಸಿಗದಷ್ಟು ಸಣ್ಣಗೆ ಕುಟ್ಟಿ. ಇಲ್ಲದಿದ್ದರೆ ತತ್ತಿ ಕುಕ್ಕಿ ತಿನ್ನುವ ಚಟ ಕಲಿಯುತ್ತವೆ.

ಆಹಾರ ಸರಿ ಇದೆ, ಬೇಸಿಗೆಯಲ್ಲಿ ಮಾತ್ರ ತೆಳು

ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಮಧ್ಯಾಹ್ನ ಕೋಳಿಗಳನ್ನು ನೋಡಿ. ಕೊಕ್ಕು ತೆರೆದು, ರೆಕ್ಕೆ ಅಗಲಿಸಿ ತೇಕುತ್ತಿದ್ದರೆ ಕಾರಣ ಅಲ್ಲೇ ಇದೆ.

ಚಿಪ್ಪಿಗೆ ಕ್ಯಾಲ್ಸಿಯಂ ಒಂದೇ ಸಾಲದು. ಚಿಪ್ಪಿನ ಸುಣ್ಣದ ತೂಕದಲ್ಲಿ ಕ್ಯಾಲ್ಸಿಯಂ ನೂರಕ್ಕೆ 40 ಪಾಲು ಮಾತ್ರ. ಉಳಿದದ್ದು ಕಾರ್ಬೊನೇಟ್. ಅದನ್ನು ಕೋಳಿ ತನ್ನ ರಕ್ತದಲ್ಲಿರುವ ಇಂಗಾಲದ ಡೈಆಕ್ಸೈಡ್‌ನಿಂದ ಮಾಡಿಕೊಳ್ಳುತ್ತದೆ. ಅಂದರೆ ನಾವು ಉಸಿರಲ್ಲಿ ಹೊರಗೆ ಬಿಡುವ ಗಾಳಿಯಿಂದಲೇ. ಕೋಳಿಗೆ ಬೆವರು ಬರುವುದಿಲ್ಲ, ತೇಕಿಯೇ ಮೈ ತಣಿಸಿಕೊಳ್ಳಬೇಕು. ತೇಕಿದಷ್ಟೂ ಆ ಗಾಳಿ ಹೊರಗೆ ಹೋಗಿ ರಕ್ತದಲ್ಲಿ ಕಮ್ಮಿಯಾಗುತ್ತದೆ. ಜೊತೆಗೆ ಸೆಖೆಗೆ ಮೇವು ಬಿಡುತ್ತದೆ, ಕ್ಯಾಲ್ಸಿಯಂ ಕೂಡ ಒಳಗೆ ಹೋಗುವುದಿಲ್ಲ. ಎರಡೂ ಕಡೆ ನಷ್ಟ.

ಇಲ್ಲಿ ಔಷಧಿಗಿಂತ ನೆರಳು ಮುಖ್ಯ. ತಗಡಿನ ಮೇಲೆ ಜೋಳದ ಸೊಪ್ಪೆ ಹೊದಿಸಿದೆವು. ಆಹಾರ ಬೆಳಿಗ್ಗೆ ಐದೂವರೆಗೆ ಒಮ್ಮೆ, ಬಿಸಿಲು ಇಳಿದ ಮೇಲೆ ಒಮ್ಮೆ. ನಡುಹಗಲು ಒತ್ತಾಯ ಮಾಡಿ ತಿನ್ನಿಸಿದರೆ ಮೈ ಬಿಸಿ ಇನ್ನೂ ಏರುತ್ತದೆ. ಮಧ್ಯಾಹ್ನ ಎರಡು ಸಲ ಹಳೆ ನೀರು ಚೆಲ್ಲಿ ಮಣ್ಣಿನ ಪಾತ್ರೆಯಲ್ಲಿ ತಣ್ಣೀರು. ಮಲಗಿಬಿಟ್ಟ, ಕುತ್ತಿಗೆ ಚಾಚಿದ ಕೋಳಿ ಕಂಡರೆ ಚಿಪ್ಪಿನ ಮಾತು ಬಿಟ್ಟು ಮೊದಲು ಅದನ್ನು ನೆರಳಿಗೆ ಎತ್ತಿ ಕಾಲು, ಜುಟ್ಟಿಗೆ ನೀರು ತಾಗಿಸಿ.

ಅಡುಗೆ ಸೋಡಾ ನೀರಿಗೆ ಹಾಕಿ ಅಂತ ಹೇಳುವವರಿದ್ದಾರೆ. ಅದಕ್ಕೆ ಆಧಾರವೂ ಇದೆ. ಆದರೆ ನಮ್ಮ ಕಡೆ ನಾನು ಹಾಗೆ ಮಾಡುವುದಿಲ್ಲ. ಯಾಕೆ ಅಂದರೆ ಮುಂದಿನದು.

ಬೋರ್ ನೀರು ಸವುಳು

ನೀರು ಬಾಯಿಗೆ ಉಪ್ಪಗೆ ಹತ್ತುತ್ತಿದ್ದರೆ, ಪಾತ್ರೆಯ ಅಂಚಿಗೆ ಬಿಳಿ ಕೂರುತ್ತಿದ್ದರೆ ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಕುಡಿಯುವ ನೀರಿನಲ್ಲಿ ಉಪ್ಪು ಜಾಸ್ತಿಯಾದರೆ, ಕೋಳಿ ಆರೋಗ್ಯವಾಗಿಯೇ ಕಂಡರೂ, ಚಿಪ್ಪು ತೆಳ್ಳಗಾಗುತ್ತದೆ. ಬೇಸಿಗೆಯಲ್ಲಿ ಕೋಳಿ ದುಪ್ಪಟ್ಟು ನೀರು ಕುಡಿಯುವುದರಿಂದ ಉಪ್ಪೂ ಅಷ್ಟೇ ಒಳಗೆ ಹೋಗುತ್ತದೆ. ಅದರ ಮೇಲೆ ಸೋಡಾ ಹಾಕಿದರೆ ಇನ್ನಷ್ಟು ಸೋಡಿಯಂ ಸೇರಿಸಿದಂತೆ.

ಅಗ್ಗದ ಪರೀಕ್ಷೆ ಇಷ್ಟೇ. ಹತ್ತು ಕೋಳಿಗಳನ್ನು ಬೇರೆ ಮಾಡಿ ಮೂರು ವಾರ ಮನೆಗೆ ಕುಡಿಯಲು ತರುವ ನೀರನ್ನೇ ಕೊಡಿ, ಉಳಿದವಕ್ಕೆ ಬೋರಿನದು. ಎರಡೂ ಕಡೆಯ ತತ್ತಿಗಳನ್ನು ಉಪ್ಪುನೀರಿನ ಬಕೆಟ್‌ಗೆ ಬಿಟ್ಟು ಎಣಿಸಿ. ಒಂದು ವಾರಕ್ಕೆ ಫಲ ಕಾಣಲಿಲ್ಲ ಅಂತ ಕೈಬಿಡಬೇಡಿ, ಸವುಳಿನ ಪರಿಣಾಮ ನೀರು ಬದಲಿಸಿದ ತಕ್ಷಣ ಹೋಗುವುದಿಲ್ಲ.

ಚಿಪ್ಪು ಗಟ್ಟಿ ಇದೆ, ಆದರೆ ತತ್ತಿ ಬೇಗ ಕೆಡುತ್ತದೆ

ಇದು ಕ್ಯಾಲ್ಸಿಯಂ ಕಥೆಯಲ್ಲ. ಇದು ರಂಧ್ರ ಮತ್ತು ಲೇಪದ ಕಥೆ.

ಕೋಳಿ ತತ್ತಿ ಇಡುವ ಹೊತ್ತಿಗೆ ಗೂಡಿನ ಪಕ್ಕದಲ್ಲೇ ಕೂತು ನೋಡಿ. ಬಿದ್ದ ತಕ್ಷಣ ತತ್ತಿ ಎಣ್ಣೆ ಹಚ್ಚಿದ ಹಾಗೆ ಒದ್ದೆಯಾಗಿ ಹೊಳೆಯುತ್ತದೆ. ಕೆಲವೇ ನಿಮಿಷದಲ್ಲಿ ಕಣ್ಣೆದುರೇ ಆ ಹೊಳಪು ಆರಿ ಮಂಕಾಗುತ್ತದೆ. ಆ ಲೇಪವೇ ಒಣಗಿ ರಂಧ್ರಗಳಿಗೆ ಬಿರಡೆ ಹಾಕಿದ್ದು. ಅದೇ ಹೊತ್ತಿಗೆ ಬಿಸಿ ತತ್ತಿ ತಣ್ಣಗಾಗುತ್ತಾ ಒಳಗಿನದು ಕುಗ್ಗಿ, ದಪ್ಪ ತುದಿಯಲ್ಲಿ ಎರಡು ಪೊರೆಗಳ ನಡುವೆ ಗಾಳಿ ಸೇರುತ್ತದೆ. ಬೇಯಿಸಿದ ತತ್ತಿ ಸುಲಿದಾಗ ಕಾಣುವ ತಗ್ಗು ಅದೇ.

ಇಂಥ ಬೆಚ್ಚಗಿನ ತತ್ತಿಯನ್ನು ತಣ್ಣೀರಲ್ಲಿ ಅದ್ದಿದರೆ ಏನಾಗುತ್ತದೆ? ಒಳಗಿನದು ಒಮ್ಮೆಲೇ ಕುಗ್ಗಿ ಹೊರಗಿನ ನೀರನ್ನು ರಂಧ್ರಗಳಿಂದ ಎಳೆದುಕೊಳ್ಳುತ್ತದೆ. ಹಿಕ್ಕೆಯ ಕೊಳೆಯೂ ಜೊತೆಗೆ ಹೋಗುತ್ತದೆ. ಉಜ್ಜಿದ್ದಕ್ಕೆ ಲೇಪವೂ ಕಿತ್ತುಬರುತ್ತದೆ. ಹೊರಗೆ ಫಳಫಳ, ಒಳಗೆ ಹೊಲಸು. ಹಾಗಾಗಿ ತೊಳೆಯಬೇಡಿ. ಒಣ ಬಟ್ಟೆಯಲ್ಲಿ ಒರೆಸಿ, ತೀರಾ ಕೊಳಕಾದದ್ದನ್ನು ಬೇರೆ ಇಟ್ಟು ಅವತ್ತೇ ಚೆನ್ನಾಗಿ ಬೇಯಿಸಿ. ತೊಳೆಯಲೇಬೇಕು ಅಂದರೆ ತತ್ತಿಗಿಂತ ಬೆಚ್ಚಗಿನ ನೀರು ಬಳಸಿ, ಒರೆಸಿ, ಆ ದಿನವೇ ಬಳಸಿ. ಎಲ್ಲಕ್ಕಿಂತ ಒಳ್ಳೆಯದು ಗೂಡಿನ ಹುಲ್ಲು ಬದಲಿಸುವುದು.

ಕತ್ತಲಲ್ಲಿ ಮೊಬೈಲ್ ಟಾರ್ಚ್ ಮೇಲೆ ತತ್ತಿ ಇಟ್ಟರೆ ಕೂದಲೆಳೆಯ ಬಿರುಕೂ ಬೆಳ್ಳಿ ಗೆರೆಯಂತೆ ಕಾಣುತ್ತದೆ. ಅಲ್ಲಲ್ಲಿ ಮಸುಕು ಬೆಳಕಿನ ಚುಕ್ಕೆಗಳು ಕಂಡರೆ ಹೆದರಬೇಡಿ, ಅದು ಚಿಪ್ಪಿನೊಳಗೆ ಇಳಿದ ಪಸೆ. ಬಿರುಕಿದ್ದದ್ದನ್ನು ಮಾತ್ರ ಮಾರಬೇಡಿ, ಹಸಿಯಾಗಿ ಯಾರಿಗೂ ಕೊಡಬೇಡಿ.

ಇಲ್ಲಿಗೆ ನಿಲ್ಲಿಸಿ, ಪಶು ವೈದ್ಯರನ್ನು ಕರೆಯಿರಿ

ಚಿಪ್ಪು ಸುಕ್ಕುಗಟ್ಟಿ ಬರುತ್ತಿದೆ, ಒಡೆದರೆ ಬಿಳಿ ನೀರಿನಂತೆ ಹರಿಯುತ್ತದೆ, ಕೋಳಿಗಳು ಸೀನುತ್ತಿವೆ, ಗೊರಗೊರ ಅನ್ನುತ್ತಿವೆ ಅಂದರೆ ಅದು ಉಸಿರಾಟದ ಸೋಂಕು ಇರಬಹುದು. ಕಂದು ತತ್ತಿಗಳು ಒಮ್ಮೆಲೇ ಬಣ್ಣ ಕಳೆದುಕೊಂಡು, ನಾಲ್ಕೈದು ದಿನದಲ್ಲಿ ಚಿಪ್ಪಿಲ್ಲದ ತತ್ತಿ ಬಿದ್ದು, ಸಂಖ್ಯೆಯೂ ಕುಸಿದರೆ, ಕೋಳಿ ಲವಲವಿಕೆಯಿಂದಿದ್ದರೂ ವೈರಸ್ ಅನುಮಾನ ಪಡಬೇಕು. ಇವಕ್ಕೆ ಸುಣ್ಣದ ಚೂರು ಮದ್ದಲ್ಲ. ಕೋಳಿ ಕಾಲ ಮೇಲೆ ನಿಲ್ಲಲಾರದೆ ಕೂತುಬಿಟ್ಟರೆ ಹಗೇವು ಪೂರ್ತಿ ಬರಿದಾಗಿರುವ ಸಾಧ್ಯತೆ ಇದೆ, ಅದೂ ನಾಳೆಗೆ ಬಿಡುವ ಮಾತಲ್ಲ. ಒಂದೇ ಸಲ ಹಲವು ಕೋಳಿ ಸತ್ತರೆ ಬರಿಗೈಯಲ್ಲಿ ಮುಟ್ಟಬೇಡಿ, ಕೊಯ್ದು ತಿನ್ನಬೇಡಿ, ಸಂತೆಗೆ ಒಯ್ಯಬೇಡಿ. ತಕ್ಷಣ ಪಶು ಆಸ್ಪತ್ರೆಗೆ ಫೋನ್ ಮಾಡಿ.

ವೈದ್ಯರು ಬಂದಾಗ ಎರಡು ದಿನದ ಕೆಟ್ಟ ತತ್ತಿಗಳು, ಆಹಾರದ ಒಂದು ಹಿಡಿ ಸ್ಯಾಂಪಲ್, ತಿಂಗಳಲ್ಲಿ ಕೊಟ್ಟ ಎಲ್ಲ ಔಷಧಿಗಳ ಚೀಟಿ ಕೈಗೆ ಸಿಗುವಂತಿರಲಿ. ಕೆಲವು ಸಲ್ಫಾ ಔಷಧಿಗಳೇ ಚಿಪ್ಪು ಕೆಡಿಸುತ್ತವೆ. ಔಷಧಿ ಕೊಟ್ಟರೆ ಎಷ್ಟು ದಿನ ತತ್ತಿ ತಿನ್ನಬಾರದು ಅಂತ ಕೇಳಿ ಬರೆದಿಟ್ಟುಕೊಳ್ಳಿ.

ನಮ್ಮಲ್ಲಿ ಅಷ್ಟು ದೂರ ಹೋಗಲಿಲ್ಲ. ನುಚ್ಚು, ತೌಡು ಬೆರೆಸುವುದು ನಿಂತಿತು, ಸಂಜೆ ಸುಣ್ಣದ ಕಲ್ಲಿನ ಚೂರು, ತಗಡಿನ ಮೇಲೆ ಸೊಪ್ಪೆ. ಐದನೇ ದಿನ ಬಕೆಟ್‌ನಲ್ಲಿ ಹತ್ತಕ್ಕೆ ಐದು ತೇಲಿದವು, ಹದಿನಾರನೇ ದಿನ ಎರಡು. ಆ ಎರಡನ್ನು ಇಡುವ ಕೋಳಿಗಳು ಯಾವುವು ಅಂತ ಅವ್ವನಿಗೆ ಗೊತ್ತು. ಮನೆಯಲ್ಲಿ ಎಲ್ಲಕ್ಕಿಂತ ಹಳೆಯವು. ಅವುಗಳ ತತ್ತಿ ಈಗ ಸಂತೆಗೆ ಹೋಗುವುದಿಲ್ಲ, ನೇರ ನಮ್ಮ ಒಲೆಗೆ.